ಬೆಳೆ ಧಾರಣೆ ತೋರಿಸುವ ಆ್ಯಪ್‌ಗೆ ಹೆಸರಿಡುವುದು ಹೇಗೆ?

ರೈತರಿಗೆ ಮಾರುಕಟ್ಟೆ ದರ ತಿಳಿಸುವ ಆ್ಯಪ್‌ಗಳ ಹೆಸರುಗಳು ಬಹುಮಟ್ಟಿಗೆ ಎರಡು ಗುಂಪಿಗೆ ಸೇರುತ್ತವೆ. ಒಂದು ಗುಂಪಿನವು ಕೃಷಿ, ಕಿಸಾನ್, ರೈತ, ಮಂಡಿ, ಮಾರುಕಟ್ಟೆ, ಬೆಲೆ ಎಂಬ ಆರೇಳು ಪದಗಳನ್ನೇ ಹಿಂದೆ ಮುಂದೆ ಜೋಡಿಸಿ ಮಾಡಿದವು. ಆ್ಯಪ್ ಏನು ಮಾಡುತ್ತದೆ ಎಂಬುದು ಓದಿದ ಕೂಡಲೇ ತಿಳಿಯುತ್ತದೆ. ಆದರೆ ನಾಲ್ಕು ದಿನ ಬಿಟ್ಟು ಅದನ್ನೇ ಹುಡುಕಲು ಹೊರಟರೆ ಅದೋ ಇದೋ ಎಂಬ ಗೊಂದಲ ಶುರುವಾಗುತ್ತದೆ. ಇನ್ನೊಂದು ಗುಂಪಿನವು ಕಚೇರಿಯಲ್ಲಿ ಕುಳಿತು ಹೊಸೆದ ಪದಗಳು. ಅಂಥ ಹೆಸರು ಬೇರೆ ಯಾರಲ್ಲೂ ಇಲ್ಲ, ನಿಜ. ಆದರೆ ಮೆಕ್ಕೆಜೋಳ ಬೆಳೆದವರಿಗೆ ಅದು ಸಾಲ ಕೊಡುವ ಆ್ಯಪ್ಪೋ ಗೊಬ್ಬರ ಮಾರುವ ಆ್ಯಪ್ಪೋ ಗೊತ್ತಾಗುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಇಕ್ಕಟ್ಟು ಹುಟ್ಟುವುದೇ ಒಂದೇ ಪದದ ಮೇಲೆ ಎರಡು ಹೊರೆ ಹೊರಿಸುವುದರಿಂದ. ನೆನಪಿನಲ್ಲಿ ಉಳಿಯುವ ಕೆಲಸಕ್ಕೆ ಒಂದು ಪದ, ಅರ್ಥ ತಿಳಿಸುವ ಕೆಲಸಕ್ಕೆ ಅದರ ಪಕ್ಕದಲ್ಲೇ ಇನ್ನೊಂದೆರಡು ಪದ ಎಂದು ಹಂಚಿಕೊಂಡರೆ ದಾರಿ ಸಲೀಸು. ಅದನ್ನು ಮಾಡುವ ಬಗೆಯನ್ನು ಒಂದು ಉದಾಹರಣೆ ಹಿಡಿದು ಹಂತ ಹಂತವಾಗಿ ನೋಡೋಣ.

ಉದಾಹರಣೆ ಇದು: ಒಂದು ಸಣ್ಣ ತಂಡ ಹಾವೇರಿ, ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳ ರೈತರಿಗಾಗಿ ಆ್ಯಪ್ ಮಾಡುತ್ತಿದೆ ಎಂದುಕೊಳ್ಳಿ. ಬ್ಯಾಡಗಿಯ ಒಣಮೆಣಸಿನಕಾಯಿ, ದಾವಣಗೆರೆ ಮತ್ತು ರಾಣೆಬೆನ್ನೂರಿನ ಮೆಕ್ಕೆಜೋಳ, ಶಿವಮೊಗ್ಗದ ಅಡಿಕೆ ಈ ಮೂರರ ಎಪಿಎಂಸಿ ದರಗಳನ್ನು ಅದು ತೋರಿಸುತ್ತದೆ. ಹಿಂದಿನ ವಾರಗಳ ದರವನ್ನೂ ಇಟ್ಟುಕೊಂಡು ಏರಿಳಿತ ಹೇಳುತ್ತದೆ.

ಮೊದಲ ಹೆಜ್ಜೆ: ಆ್ಯಪ್ ಕೊಡಬಲ್ಲ ಮಾತು ಯಾವುದು?

ಹೆಸರು ಹುಡುಕುವ ಮೊದಲು ಒಂದು ಹಾಳೆಯಲ್ಲಿ ಆ್ಯಪ್ ಮಾಡುವುದೇನು, ಮಾಡದಿರುವುದೇನು ಎಂದು ಬರೆದುಕೊಳ್ಳಿ. ಇದನ್ನು ಬಿಟ್ಟವರೇ ಮುಂದೆ ಪೇಚಿಗೆ ಸಿಲುಕುತ್ತಾರೆ. ಏಕೆಂದರೆ ಬೆಲೆಯ ವಿಷಯದಲ್ಲಿ ಹೆಸರು ಒಂದು ವಾಗ್ದಾನವಾಗಿಬಿಡುತ್ತದೆ.

ಎಪಿಎಂಸಿಗಳಿಂದ ಬಂದು ಕೇಂದ್ರದ ಅಗ್‌ಮಾರ್ಕ್‌ನೆಟ್, ರಾಜ್ಯದ ಕೃಷಿ ಮಾರಾಟವಾಹಿನಿಯಂಥ ತಾಣಗಳಲ್ಲಿ ಪ್ರಕಟವಾಗುವ ದರದಲ್ಲಿ ಮೂರು ಅಂಕಿಗಳಿರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಅಂದು ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು ಮಾದರಿ ದರ. ಇವು ವಹಿವಾಟು ಮುಗಿದ ಮೇಲೆ ದಾಖಲಾಗುವ ಅಂಕಿಗಳು. ಬೆಳಿಗ್ಗೆ ಎಂಟು ಗಂಟೆಗೆ ಆ್ಯಪ್ ತೆರೆದವರಿಗೆ ಕಾಣುವುದು ನಿನ್ನೆಯದೋ ಮೊನ್ನೆಯದೋ ಇರಬಹುದು. ಹೀಗಿರುವಾಗ ಹೆಸರಿನಲ್ಲಿ ‘ಲೈವ್’, ‘ಇಂದಿನ’, ‘ತಕ್ಷಣ’ ಎಂಬ ಪದ ಸೇರಿಸಿದರೆ ಆ್ಯಪ್ ಪ್ರತಿದಿನ ಬೆಳಿಗ್ಗೆ ಸುಳ್ಳು ಹೇಳಿದಂತಾಗುತ್ತದೆ.

‘ಒಳ್ಳೆಯ ಬೆಲೆ’, ‘ಲಾಭ’, ‘ಉತ್ತಮ ದರ’ ಎಂಬವುಗಳ ತೊಂದರೆ ಇನ್ನೂ ದೊಡ್ಡದು. ಬ್ಯಾಡಗಿಯಲ್ಲಿ ಒಂದೇ ದಿನ ಕಡ್ಡಿ, ಡಬ್ಬಿ, ಗುಂಟೂರು ಎಂದು ಬೇರೆ ಬೇರೆ ದರ ಹೋಗುತ್ತದೆ. ಒಂದೇ ತಳಿಯಲ್ಲೂ ಬಣ್ಣ, ತೇವ, ವಿಂಗಡಣೆ ನೋಡಿ ಕನಿಷ್ಠಕ್ಕೂ ಗರಿಷ್ಠಕ್ಕೂ ಅಜಗಜಾಂತರವಿರುತ್ತದೆ. ಗರಿಷ್ಠ ದರ ನೋಡಿ ಗಾಡಿ ಕಟ್ಟಿಕೊಂಡು ಹೋದ ರೈತನಿಗೆ ಅದರ ಅರ್ಧ ಸಿಕ್ಕರೆ ಅವನು ಬಯ್ಯುವುದು ಮಾರುಕಟ್ಟೆಯನ್ನಲ್ಲ, ಆ್ಯಪ್ಪನ್ನು. ಹೆಸರಿನಲ್ಲಿ ಲಾಭದ ಮಾತಿದ್ದರೆ ಆ ಬೈಗುಳಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ನಮ್ಮ ಉದಾಹರಣೆಯ ತಂಡ ಬರೆದುಕೊಳ್ಳಬೇಕಾದ ಸಾಲು ಇಷ್ಟೇ: ಎಪಿಎಂಸಿಯಲ್ಲಿ ಹೋದ ದರವನ್ನು ಇದು ತೋರಿಸುತ್ತದೆ, ಮಾಲು ಕೊಳ್ಳುವುದಿಲ್ಲ, ಮಾರಿಸುವುದಿಲ್ಲ, ದರ ಊಹಿಸುವುದಿಲ್ಲ. ಮುಂದೆ ಬರುವ ಪ್ರತಿಯೊಂದು ಹೆಸರನ್ನೂ ಈ ಸಾಲಿನ ಎದುರಿಟ್ಟು ನೋಡಬೇಕು.

ಎರಡನೆಯ ಹೆಜ್ಜೆ: ಯಾರ್ಡಿನ ಮಾತು ಕೇಳಿಸಿಕೊಳ್ಳಿ

ಪದಗಳನ್ನು ನಿಘಂಟಿನಿಂದ ಆರಿಸಬೇಡಿ. ಎಪಿಎಂಸಿ ಯಾರ್ಡಿಗೆ ಹೋಗಿ, ಟೆಂಡರ್ ಘೋಷಣೆಗೆ ಕಾಯುತ್ತಾ ದಲಾಲರ ಅಂಗಡಿಯ ಮುಂದೆ ಕುಳಿತಿರುವವರ ಮಾತು ಕೇಳಿಸಿಕೊಳ್ಳಿ. ಅಲ್ಲಿ ಯಾರೂ ‘ಮಾರುಕಟ್ಟೆ ಮಾಹಿತಿ’ ಎನ್ನುವುದಿಲ್ಲ. ‘ರೇಟ್ ಎಷ್ಟು ಹೋಯಿತು’ ಎನ್ನುತ್ತಾರೆ. ಪತ್ರಿಕೆಯ ಪುಟದಲ್ಲಿ ‘ಪೇಟೆ ಧಾರಣೆ’, ‘ಅಡಿಕೆ ಧಾರಣೆ’ ಎಂದು ಓದಿ ರೂಢಿಯಿರುವವರು ‘ಧಾರಣೆ’ ಎನ್ನುತ್ತಾರೆ. ‘ಆವಕ ಹೇಗಿದೆ’, ‘ಎಷ್ಟು ಚೀಲ ಬಂದಿವೆ’, ‘ತೂಕ ಆಯಿತೇ’, ‘ಪಟ್ಟಿ ಕೊಟ್ಟರೇ’ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಇವುಗಳನ್ನೆಲ್ಲ ಬರೆದುಕೊಳ್ಳಿ. ಹುಡುಕಾಟದ ಪೆಟ್ಟಿಗೆಯಲ್ಲಿ ಜನ ಟೈಪಿಸುವುದೂ ಇವೇ ಪದಗಳನ್ನು.

ಇಷ್ಟಾದ ಮೇಲೆ ನಿಮ್ಮಲ್ಲಿ ಎರಡು ಪಟ್ಟಿಗಳಿರಬೇಕು. ಒಂದರಲ್ಲಿ ಕೆಲಸ ತಿಳಿಸುವ ಪದಗಳು: ರೇಟ್, ದರ, ಬೆಲೆ, ಧಾರಣೆ, ಪೇಟೆ, ಮಂಡಿ. ಇನ್ನೊಂದರಲ್ಲಿ ಆ ಲೋಕದ ವಸ್ತುಗಳು: ಚೀಲ, ಗೋಣಿ, ಕಣ, ರಾಶಿ, ಕೊಳಗ, ತಕ್ಕಡಿ, ಹಗೇವು. ಮೊದಲ ಪಟ್ಟಿಯಿಂದ ಅರ್ಥ ಸಿಗುತ್ತದೆ, ಎರಡನೆಯದರಿಂದ ಗುರುತು ಸಿಗುತ್ತದೆ.

ಮೂರನೆಯ ಹೆಜ್ಜೆ: ಕೆಲಸ ತಿಳಿಸುವ ಪದಗಳನ್ನು ಜರಡಿ ಹಿಡಿಯಿರಿ

ಕನ್ನಡದಲ್ಲಿ ಬೆಳೆಯ ಆ್ಯಪ್ ಮಾಡುವ ಪ್ರತಿಯೊಬ್ಬರಿಗೂ ಮೊದಲು ಹೊಳೆಯುವ ಹೆಸರು ‘ಬೆಳೆ ಬೆಲೆ’. ಪ್ರಾಸವಿದೆ, ಅರ್ಥವಿದೆ, ಕನ್ನಡ ಲಿಪಿಯಲ್ಲಿ ಬರೆದರೆ ಚೆಂದವೂ ಕಾಣುತ್ತದೆ. ಆದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪಿಸುವವರು ಬಹಳ ಮಂದಿ. ಅವರ ಬೆರಳಲ್ಲಿ ಅದು `Bele Bele` ಆಗುತ್ತದೆ. ಬೆಳೆಯೂ ಅದೇ, ಬೆಲೆಯೂ ಅದೇ, ತೊಗರಿ ಬೇಳೆಯ ಬೇಳೆಯೂ ಅದೇ. ಹೆಸರಿನ ಜೀವಾಳವಾದ ಳಕಾರ ಲಕಾರಗಳ ವ್ಯತ್ಯಾಸವೇ ಅಲ್ಲಿ ಅಳಿಸಿಹೋಗುತ್ತದೆ. ಸಾಲದ್ದಕ್ಕೆ ರಾಜ್ಯ ಸರ್ಕಾರದ ‘ಬೆಳೆ ದರ್ಶಕ’ ಆ್ಯಪ್ ಇದೇ ಪದದಿಂದ ಶುರುವಾಗುತ್ತದೆ. ಹುಡುಕಿದವರು ಅಲ್ಲಿಗೇ ಹೋಗಿ ನಿಲ್ಲುತ್ತಾರೆ.

‘ಧಾರಣೆ’ ನನಗೆ ಬಹಳ ಇಷ್ಟವಾದ ಪದ. ಬೆಲೆ ಎಂದರೆ ಅಂಗಡಿಯ ಬೆಲೆಯೂ ಆದೀತು. ಧಾರಣೆ ಎಂದರೆ ಪೇಟೆಯಲ್ಲಿ ದಿನದಿನವೂ ಏರಿಳಿಯುವ ದರ. ಹಾಗಿದ್ದೂ ಅದನ್ನು ಒಂಟಿಯಾಗಿ ಹೆಸರಾಗಿಸಿದರೆ ತೊಂದರೆಯಿದೆ. ಉತ್ತರ ಕರ್ನಾಟಕದ ಬಾಯಲ್ಲಿ ಪದದ ಕೊನೆಯ ಎಕಾರ ಇಕಾರವಾಗುವುದು ಸಾಮಾನ್ಯ, ಮಹಾಪ್ರಾಣ ಸಡಿಲವಾಗುವುದೂ ಸಾಮಾನ್ಯ. `Dharane`, `Darane`, `Dharani`, `Daarane` ಹೀಗೆ ನಾಲ್ಕು ರೂಪ ಬರುತ್ತವೆ. `Dharani` ಎಂದು ಬಿದ್ದರೆ ತೆಲಂಗಾಣದಲ್ಲಿ 2025ರವರೆಗೆ ಇದ್ದ ಭೂದಾಖಲೆಗಳ ‘ಧರಣಿ’ ಪೋರ್ಟಲ್‌ನ ಸುದ್ದಿ ಎದುರಿಗೆ ಬಂದು ನಿಲ್ಲಬಹುದು. ಆದ್ದರಿಂದ ಧಾರಣೆಯನ್ನು ಮುಖ್ಯ ಹೆಸರಾಗಿಸುವ ಬದಲು ಪಕ್ಕದ ವಿವರಣೆಯಾಗಿ ಇಟ್ಟುಕೊಳ್ಳುವುದು ಜಾಣತನ. ಅಲ್ಲಿ ಅದನ್ನು ಕಣ್ಣು ಓದುತ್ತದೆ, ಬೆರಳು ಟೈಪಿಸಬೇಕಾಗಿಲ್ಲ.

‘ಮಂಡಿ’ಯ ಸಮಸ್ಯೆ ಬೇರೆ ಬಗೆಯದು. ಹಿಂದಿಯಲ್ಲಿ ಅದು ಇಡೀ ಸಗಟು ಮಾರುಕಟ್ಟೆ. ನಮ್ಮಲ್ಲಿ ಮಂಡಿ ಎಂದರೆ ದಲಾಲರ ಅಂಗಡಿ. ನಮ್ಮ ಆ್ಯಪ್ ಮಾಲು ಕೊಳ್ಳುವುದೂ ಇಲ್ಲ, ಮಾರಿಸುವುದೂ ಇಲ್ಲ ಎಂದು ಮೊದಲ ಹೆಜ್ಜೆಯಲ್ಲೇ ಬರೆದುಕೊಂಡಿದ್ದೇವೆ. ಹೆಸರಿನಲ್ಲಿ ಮಂಡಿ ಸೇರಿದರೆ ‘ಇದು ಯಾವ ದಲಾಲರದು’ ಎಂಬ ಪ್ರಶ್ನೆ ಬರುವುದು ಸಹಜ. ದರ ಹೇಳುವವನ ಮೇಲೆ ಅಂಥ ಅನುಮಾನ ಒಮ್ಮೆ ಮೂಡಿದರೆ ಹೋಗಲಾಡಿಸುವುದು ಕಷ್ಟ.

‘ನ್ಯಾಯಬೆಲೆ’ ಎಂಬ ಸದಾಶಯದ ಹೆಸರು ಪಡಿತರ ಅಂಗಡಿಯ ಸಾಲಿಗೆ ಕರೆದೊಯ್ಯುತ್ತದೆ. ‘ಬೆಂಬಲ ಬೆಲೆ’ ಸರ್ಕಾರದ ಖರೀದಿ ಯೋಜನೆಗೆ ಮೀಸಲಾದ ಮಾತು. ಇವೆರಡನ್ನೂ ಮುಟ್ಟಬೇಡಿ.

ನಾಲ್ಕನೆಯ ಹೆಜ್ಜೆ: ಗುರುತಿನ ಪದವನ್ನು ವಸ್ತುಗಳಲ್ಲಿ ಹುಡುಕಿ

ಹೊಸ ಪದ ಟಂಕಿಸುವುದಕ್ಕಿಂತ, ರೈತರ ಕೈಗೆ ದಿನವೂ ತಾಕುವ ಆದರೆ ಆ್ಯಪ್‌ಗಳ ಲೋಕದಲ್ಲಿ ಯಾರೂ ಬಳಸದ ವಸ್ತುವಿನ ಹೆಸರು ಎರವಲು ಪಡೆಯುವುದು ಮೇಲು. ಹವಾಮಾನ ಇಲಾಖೆ ರೈತರಿಗೆ ಕೊಟ್ಟಿರುವ ‘ಮೇಘದೂತ್’ ಹೆಸರನ್ನು ಗಮನಿಸಿ. ಹವಾಮಾನ ಎಂಬ ಪದ ಅದರಲ್ಲಿಲ್ಲ, ಆದರೆ ಸುದ್ದಿ ತರುವ ಮೋಡ ಎಂದು ಹೆಸರೇ ಸೂಚಿಸುತ್ತದೆ. ನೇರವಾಗಿ ಹೇಳದೆ ಬೆರಳು ತೋರಿಸುವ ಇಂಥ ಹೆಸರೇ ನಮಗೆ ಬೇಕಾದದ್ದು.

ನಮ್ಮ ಪಟ್ಟಿಯ ಪದಗಳನ್ನು ಒಂದೊಂದಾಗಿ ತೂಗಿ ನೋಡೋಣ.

ರಾಶಿ. ಕಣದಲ್ಲಿ ತೂರಿ ಗುಡ್ಡೆ ಹಾಕಿದ ಫಸಲು. ಕೇಳಿದರೆ ಮನಸ್ಸು ತುಂಬುವ ಪದ, ಎರಡೇ ಅಕ್ಷರ. ಆದರೆ ಶಿವಮೊಗ್ಗದ ಅಡಿಕೆ ಪಟ್ಟಿಯಲ್ಲಿ ಸರಕು, ಬೆಟ್ಟೆ, ಗೊರಬಲುಗಳ ಜೊತೆಗೆ ರಾಶಿಯೂ ಒಂದು ದರ್ಜೆ. ಅಡಿಕೆ ಬೆಳೆಗಾರ ‘ರಾಶಿ’ ಎಂದು ಹುಡುಕಿದರೆ ಅವನು ಕೇಳುತ್ತಿರುವುದು ಆ ದರ್ಜೆಯ ರೇಟು. ಹೆಸರು ಮತ್ತು ಸರಕು ಒಂದೇ ಆಗಿಬಿಟ್ಟರೆ ‘ರಾಶಿಯಲ್ಲಿ ರಾಶಿ ಎಷ್ಟು’ ಎಂದು ಕೇಳಬೇಕಾಗುತ್ತದೆ. ಅಡಿಕೆ ಸೀಮೆಯ ಆಚೆಗೆ ಹೋದರೆ ಪ್ಲೇ ಸ್ಟೋರ್‌ನಲ್ಲಿ ರಾಶಿ ಎಂದರೆ ಮೇಷ, ವೃಷಭ; ಜ್ಯೋತಿಷ್ಯದ ಆ್ಯಪ್‌ಗಳ ಜೊತೆ ಸ್ಪರ್ಧೆಗಿಳಿಯಬೇಕು. ಮನಸ್ಸಿಗೆ ಎಷ್ಟೇ ಹಿಡಿಸಿದರೂ ಇದನ್ನು ಕೈಬಿಡಲೇಬೇಕು.

ಹಗೇವು. ಧಾನ್ಯ ಹೂತಿಡುತ್ತಿದ್ದ ನೆಲದೊಳಗಿನ ಕಣಜ. ದರ ಬರುವವರೆಗೆ ಕಾಯುವುದನ್ನು ಇಷ್ಟು ಚೆನ್ನಾಗಿ ಸೂಚಿಸುವ ಪದ ಇನ್ನೊಂದಿಲ್ಲ. ಆದರೆ ಹಗೇವು ಕಂಡವರು ಈಗ ಹಿರಿಯರು ಮಾತ್ರ. ಫೋನ್ ಹಿಡಿದು ದರ ನೋಡುವುದು ಅವರ ಮಕ್ಕಳು, ಮೊಮ್ಮಕ್ಕಳು. ಅವರ ಕಿವಿಗೆ ಅದು ‘ಹಗೆ’ ಎಂದು ಕೇಳೀತು. ಪದದ ಮೊದಲ ಹಕಾರವೂ ತೊಡಕು: ಹಳೆ ಮೈಸೂರಿನ ಕಡೆ ಮಾತಿನಲ್ಲಿ ಅದು ಬಿದ್ದುಹೋಗುವುದುಂಟು.

ಕೊಳಗ. ಧಾನ್ಯದ ಅಳತೆ, ಹಳಬರಿಗೂ ಗೊತ್ತು, ಗಾದೆಗಳಿಂದ ಹೊಸಬರಿಗೂ ಗೊತ್ತು. ಅರ್ಥದಲ್ಲಿ ತಕರಾರಿಲ್ಲ. ತಕರಾರು ಕೀಲಿಮಣೆಯದು: `Kolaga` ಎಂದು ಒತ್ತಿದರೆ ತಿದ್ದುವ ಸೌಲಭ್ಯ ಅದನ್ನು ಫೋಟೊ ಜೋಡಿಸುವ `Collage` ಮಾಡಿಬಿಡುವ ಅಪಾಯವಿದೆ. ಇದನ್ನು ಕೆಲವು ಫೋನುಗಳಲ್ಲಿ ಪರೀಕ್ಷಿಸಿದ ಮೇಲೆಯೇ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸಬೇಕು.

ಗೋಣಿ. ಮೆಕ್ಕೆಜೋಳ, ಒಣಮೆಣಸಿನಕಾಯಿ, ಅಡಿಕೆ ಮೂರೂ ಚೀಲದಲ್ಲೇ ಯಾರ್ಡಿಗೆ ಬರುತ್ತವೆ. ಬ್ಯಾಡಗಿಯ ಆವಕವನ್ನು ಪತ್ರಿಕೆಗಳು ಇಷ್ಟು ಸಾವಿರ ಚೀಲ ಎಂದೇ ಬರೆಯುತ್ತವೆ. ಹಾವೇರಿಯ ಕಡೆ ಬರೀ ಚೀಲ ಎನ್ನುವುದು ಹೆಚ್ಚಾದರೂ ಗೋಣಿಚೀಲ ಎಂದರೆ ತಿಳಿಯದವರಿಲ್ಲ. ಬೆಳಗಾವಿಯ ಮರಾಠಿ ಮಾತಿನವರಿಗೂ ಅದು ಗೋಣಿಯೇ. ಇಂಗ್ಲಿಷ್ ಅಕ್ಷರದಲ್ಲಿ ಬಹುತೇಕರು ಬರೆಯುವುದು `Goni` ಎಂದೇ. ಮಹಾಪ್ರಾಣವಿಲ್ಲ, ಒತ್ತಕ್ಷರವಿಲ್ಲ, ಮೊದಲಿಗೆ ಹಕಾರವಿಲ್ಲ. ಣಕಾರವನ್ನು ನಕಾರ ಮಾಡಿ ಉಚ್ಚರಿಸಿದರೂ ಇಂಗ್ಲಿಷ್ ಬರಹದಲ್ಲಿ ವ್ಯತ್ಯಾಸವಾಗುವುದಿಲ್ಲ. ಗೋಣಿಯಲ್ಲಿ ಲಾಭದ ಮಾತಿಲ್ಲ, ಇಂದು ನಾಳೆಯ ಮಾತೂ ಇಲ್ಲ. ಹಾಗಾಗಿ ಅದು ಯಾವ ಸುಳ್ಳು ಭರವಸೆಯನ್ನೂ ಕೊಡುವುದಿಲ್ಲ.

ಇದಕ್ಕೂ ಮಿತಿಯಿದೆ. ನಾಳೆ ತಂಡ ಕೋಲಾರಕ್ಕೆ ಹೋಗಿ ಟೊಮೆಟೊ ದರ ತೋರಿಸಹೊರಟರೆ ಅಲ್ಲಿ ಮಾಲು ಬರುವುದು ಕ್ರೇಟಿನಲ್ಲಿ, ಗೋಣಿಯಲ್ಲಲ್ಲ. ರಾಮನಗರದ ರೇಷ್ಮೆಗೂಡಿಗೂ ಈ ಹೆಸರು ಹೊಂದದು. ಮುಂದಿನ ಎರಡು ಮೂರು ವರ್ಷಗಳಲ್ಲಿ ಯಾವ ಬೆಳೆಗಳನ್ನು ಸೇರಿಸುತ್ತೀರಿ ಎಂಬುದನ್ನು ಈಗಲೇ ಮಾತನಾಡಿಕೊಳ್ಳಿ. ತರಕಾರಿಯೇ ಮುಖ್ಯವಾಗುವುದಾದರೆ ಗೋಣಿ ಸಲ್ಲದು. ಕಾಳು, ಕೊಬ್ಬರಿ, ಹತ್ತಿಕಾಳಿನ ಕಡೆ ಬೆಳೆಯುವುದಾದರೆ ಸಲ್ಲುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಬೇಕು. ಒಂದೇ ಬೆಳೆಗೆ ಮೀಸಲಾದ ಆ್ಯಪ್, ಅದೂ ಊರೆಲ್ಲ ಬಲ್ಲ ಸಹಕಾರ ಸಂಘದ್ದಾದರೆ, ಇಷ್ಟೆಲ್ಲ ಹುಡುಕಾಟ ಬೇಕಿಲ್ಲ. ಸಂಘದ ಹೆಸರಿನ ಮುಂದೆ ‘ಅಡಿಕೆ ಧಾರಣೆ’ ಎಂದು ಸೇರಿಸಿದರೆ ಸಾಕು. ಗುರುತಿನ ಕೆಲಸವನ್ನು ಸಂಘದ ಹೆಸರು ದಶಕಗಳಿಂದ ಮಾಡಿಕೊಂಡೇ ಬಂದಿದೆ.

ಐದನೆಯ ಹೆಜ್ಜೆ: ಕಿವಿಯಿಂದ ಬೆರಳಿಗೆ ಇಳಿಯುತ್ತದೆಯೇ?

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು. ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ರೈತರು ಆ್ಯಪ್ ಬಗ್ಗೆ ತಿಳಿಯುವುದು ಬಹುಪಾಲು ಇನ್ನೊಬ್ಬರ ಬಾಯಿಂದ. ಗದ್ದಲದ ಯಾರ್ಡಿನಲ್ಲಿ ಒಮ್ಮೆ ಕೇಳಿದ ಹೆಸರನ್ನು ಮನೆಗೆ ಹೋಗಿ ಟೈಪಿಸಿದರೆ ಆ್ಯಪ್ ಸಿಗಬೇಕು.

ಪರೀಕ್ಷೆ ಹೀಗೆ ಮಾಡಿ. ಉಳಿದಿರುವ ಎರಡು ಮೂರು ಹೆಸರುಗಳನ್ನು ತೆಗೆದುಕೊಂಡು ಕನಿಷ್ಠ ಎರಡು ಊರಿನ ಯಾರ್ಡುಗಳಿಗೆ ಹೋಗಿ. ಒಂದೊಂದು ಕಡೆ ಹತ್ತು ಹನ್ನೆರಡು ಮಂದಿ ಸಾಕು, ಆದರೆ ವಯಸ್ಸು ಬೇರೆ ಬೇರೆ ಇರಲಿ, ಹೆಂಗಸರೂ ಇರಲಿ. ಒಬ್ಬೊಬ್ಬರಿಗೆ ಒಂದೇ ಹೆಸರನ್ನು, ಒಂದೇ ಸಲ, ಬಾಯಲ್ಲಿ ಹೇಳಿ. ಬರೆದು ತೋರಿಸಬೇಡಿ. ‘ಅಣ್ಣಾ, ಗೋಣಿ ಅಂತ ಒಂದು ಆ್ಯಪ್ ಇದೆ, ನಿಮ್ಮ ಫೋನಿನಲ್ಲಿ ಹುಡುಕಿ ನೋಡುತ್ತೀರಾ’ ಎಂದು ಕೇಳಿ, ಸುಮ್ಮನೆ ನೋಡುತ್ತಾ ನಿಲ್ಲಿ. ಅವರು ಯಾವ ಅಕ್ಷರ ಒತ್ತಿದರು ಎಂಬುದನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಿ. ಮೈಕ್ ಒತ್ತಿ ಮಾತಿನಲ್ಲಿ ಹುಡುಕುವವರಿದ್ದರೆ ಪರದೆಯ ಮೇಲೆ ಏನು ಮೂಡಿತು ನೋಡಿ. ಧ್ವನಿ ಹುಡುಕಾಟದ ಭಾಷೆ ಇಂಗ್ಲಿಷ್ ಇದ್ದರೆ ಗೋಣಿ ಎಂಬುದು `Gonna` ಎಂದೋ `Tony` ಎಂದೋ ಬೀಳಬಹುದು. ಎಷ್ಟು ಜನರಲ್ಲಿ ಹಾಗಾಯಿತು ಎಂಬುದೇ ನಿಮಗೆ ಬೇಕಾದ ಉತ್ತರ.

‘ಹೆಸರು ಹೇಗಿದೆ’ ಎಂದು ಮಾತ್ರ ಕೇಳಬೇಡಿ. ಊರಿಂದ ಬಂದವರ ಮನಸ್ಸು ನೋಯಿಸಬಾರದೆಂದು ‘ಚೆನ್ನಾಗಿದೆ ಬಿಡಿ’ ಎಂದೇ ಎಲ್ಲರೂ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ‘ಈ ಹೆಸರು ಕೇಳಿದರೆ ಆ್ಯಪ್ ಏನು ಮಾಡುತ್ತದೆ ಅನ್ನಿಸುತ್ತದೆ’ ಎಂದು ಕೇಳಿ. ಗೋಣಿ ಎಂದಾಗ ‘ಚೀಲ ಮಾರುತ್ತಾರೇನೋ’ ಎಂಬ ಉತ್ತರ ಬಂದರೆ ಗಾಬರಿ ಬೇಡ. ಗುರುತಿನ ಪದ ಒಂಟಿಯಾಗಿದ್ದಾಗ ಹಾಗೆ ಅನ್ನಿಸುವುದು ಸಹಜ. ಆಮೇಲೆ ‘ಗೋಣಿ, ಬೆಳೆ ಧಾರಣೆ’ ಎಂದು ಪೂರ್ತಿ ಹೇಳಿ ಇನ್ನೊಮ್ಮೆ ಕೇಳಿ. ಆಗಲೂ ಚೀಲದ ವ್ಯಾಪಾರವೇ ಎಂದರೆ ಹೆಸರು ಸೋತಿತು.

ಮರುದಿನ ಅವರಲ್ಲೇ ಕೆಲವರಿಗೆ ಫೋನ್ ಮಾಡಿ, ನಿನ್ನೆಯ ಆ್ಯಪ್ ಹೆಸರು ನೆನಪಿದೆಯೇ ಎಂದು ಕೇಳಿ. ‘ಅದೇ, ಚೀಲದ್ದು’ ಎಂದರೂ ಅರ್ಧ ಗೆದ್ದಂತೆ. ‘ಅದೇ, ರೈತರದ್ದು ಯಾವುದೋ’ ಎಂದರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ.

ಆರನೆಯ ಹೆಜ್ಜೆ: ಪರದೆಯ ಮೇಲೆ ಎಷ್ಟು ಜಾಗವಿದೆ?

ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಹೆಸರಿಗೆ 30 ಕ್ಯಾರೆಕ್ಟರ್‌ಗಳ ಮಿತಿಯಿದೆ, ಅದರ ಕೆಳಗಿನ ಕಿರು ವಿವರಣೆಗೆ 80. ಇಲ್ಲಿ ಕನ್ನಡಿಗರು ಎಡವುವುದು ಲೆಕ್ಕದಲ್ಲಿ. ನಾವು ಅಕ್ಷರ ಎಣಿಸುತ್ತೇವೆ, ಯಂತ್ರ ವ್ಯಂಜನ, ಸ್ವರಚಿಹ್ನೆ, ಒತ್ತಿನ ಹಿಂದಿರುವ ಹಲಂತ ಚಿಹ್ನೆ ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ‘ಮಾರುಕಟ್ಟೆ’ ನಮಗೆ ನಾಲ್ಕು ಅಕ್ಷರ, ಯಂತ್ರಕ್ಕೆ 9. ‘ಕರ್ನಾಟಕ ಕೃಷಿ ಮಾರುಕಟ್ಟೆ ಧಾರಣೆ’ ಎಂಬ 13 ಅಕ್ಷರಗಳ ಹೆಸರು ಖಾಲಿ ಜಾಗವೂ ಸೇರಿ 28 ತಿಂದುಹಾಕುತ್ತದೆ, ಗುರುತಿನ ಪದಕ್ಕೆ ಜಾಗವೇ ಉಳಿಯುವುದಿಲ್ಲ. ‘ಗೋಣಿ: ಬೆಳೆ ಧಾರಣೆ’ಗೆ ಬೇಕಾದದ್ದು 16.

ಉಳಿದ ಜಾಗವನ್ನು ಹೀಗೆ ಬಳಸಬಹುದು. ಕನ್ನಡ ಓದುವ ಎಷ್ಟೋ ಜನರ ಫೋನ್ ಇಂಗ್ಲಿಷಿನಲ್ಲೇ ಇರುತ್ತದೆ, ಅವರಿಗೆ ಕಾಣುವುದು ಇಂಗ್ಲಿಷ್ ಪುಟ. ಆ ಪುಟದ ಹೆಸರಿನಲ್ಲೂ ಎರಡೂ ಲಿಪಿಗಳನ್ನು ಸೇರಿಸಿ: `ಗೋಣಿ Goni: ಬೆಳೆ ಧಾರಣೆ`. ಇದು 21 ಆಗುತ್ತದೆ. ಜನ ಹೆಚ್ಚು ಟೈಪಿಸುವ ‘ರೇಟ್’, ‘ಎಪಿಎಂಸಿ’ ಪದಗಳನ್ನು ಹೆಸರಿಗೆ ತುರುಕದೆ ಕಿರು ವಿವರಣೆಯಲ್ಲಿಡಿ. `ಮೆಣಸಿನಕಾಯಿ, ಮೆಕ್ಕೆಜೋಳ, ಅಡಿಕೆ: ಎಪಿಎಂಸಿ ರೇಟ್ ಪ್ರತಿದಿನ` ಎಂಬುದಕ್ಕೆ 80ರಲ್ಲಿ 51 ಸಾಕು. ‘ನಂಬರ್ ಒನ್’, ‘ಬೆಸ್ಟ್’, ‘ಉಚಿತ’ ಎಂಬವನ್ನು ಹೆಸರಿನಲ್ಲಿ ಸೇರಿಸಲು ಪ್ಲೇ ಸ್ಟೋರ್ ನಿಯಮವೇ ಬಿಡುವುದಿಲ್ಲ.

ಫೋನಿನ ಮುಖಪುಟದಲ್ಲಿ ಐಕಾನ್ ಕೆಳಗೆ ಕಾಣುವ ಹೆಸರು ಬೇರೆ. ಅದು ಆ್ಯಪ್ ಒಳಗೆ ಬರೆದದ್ದು, ಹತ್ತು ಹನ್ನೆರಡು ಕ್ಯಾರೆಕ್ಟರ್ ದಾಟಿದರೆ ಕತ್ತರಿಸಿಹೋಗುವ ಸಂಭವ ಹೆಚ್ಚು. ಅಲ್ಲಿ ಗುರುತಿನ ಪದ ಮಾತ್ರ ಇರಲಿ. ಸಾಮಾನ್ಯವಾಗಿ ಮೂಲ ಕಡತದಲ್ಲಿ ಇಂಗ್ಲಿಷ್, `values-kn` ಫೋಲ್ಡರಿನ ಕಡತದಲ್ಲಿ ಕನ್ನಡ ಇಡುತ್ತಾರೆ. ಇಂಗ್ಲಿಷ್ ಫೋನಿನವರಿಗೂ ಕನ್ನಡ ಹೆಸರೇ ಕಾಣಬೇಕೆಂದಿದ್ದರೆ ಮೂಲ ಕಡತದಲ್ಲೇ ಕನ್ನಡ ಬರೆಯಿರಿ:

```xml
<!-- res/values/strings.xml -->
<string name="app_name">ಗೋಣಿ</string>
```

ಇನ್ನೊಂದು ಹೆಸರು ಯಾರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ: ಪ್ಯಾಕೇಜ್ ಹೆಸರು, ಅಂದರೆ `applicationId`. ಪ್ಲೇ ಸ್ಟೋರ್‌ನಲ್ಲಿ ಕಾಣುವ ಹೆಸರನ್ನು ಎಷ್ಟು ಸಲವಾದರೂ ಬದಲಿಸಬಹುದು, ಇದನ್ನು ಒಮ್ಮೆ ಪ್ರಕಟಿಸಿದ ಮೇಲೆ ಬದಲಿಸಲು ಬರುವುದಿಲ್ಲ. ಬದಲಿಸಿದರೆ ಅದು ಹೊಸ ಆ್ಯಪ್ ಆಗುತ್ತದೆ. ಹಳೆಯ ಬಳಕೆದಾರರು, ಅವರು ಬರೆದ ವಿಮರ್ಶೆಗಳು ಎಲ್ಲ ಹಿಂದೆಯೇ ಉಳಿಯುತ್ತವೆ. ಪ್ಲೇ ಸ್ಟೋರ್ ಕೊಂಡಿಯಲ್ಲೂ ಇದು ಕಾಣುತ್ತದೆ. ಆದ್ದರಿಂದ ಪ್ಯಾಕೇಜಿಗೆ ಆ್ಯಪ್‌ನ ಹೆಸರನ್ನಾಗಲಿ, ಜಿಲ್ಲೆ ಅಥವಾ ಬೆಳೆಯ ಹೆಸರನ್ನಾಗಲಿ ಇಡಬೇಡಿ. ನಿಮ್ಮ ಸಂಸ್ಥೆಯ ಹೆಸರಿನ ನಂತರ `prices` ಎಂಬಂಥ ಸಾದಾ ಪದವಿದ್ದರೆ ಹೆಸರು ಬದಲಾದರೂ ಅದು ಹಾಗೆಯೇ ನಡೆಯುತ್ತದೆ.

ಏಳನೆಯ ಹೆಜ್ಜೆ: ಹೆಸರು ನಿಮ್ಮದಾಗಬಲ್ಲದೇ?

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ, ಸರಕು ಅಥವಾ ಸೇವೆಯ ಬಗೆ, ಗುಣ, ಉದ್ದೇಶ, ಊರು ಇವುಗಳನ್ನು ಮಾತ್ರ ಹೇಳುವ ಪದಕ್ಕೆ ನೋಂದಣಿ ಸಿಗುವುದಿಲ್ಲ. ‘ಬೆಳೆ ಧಾರಣೆ’ ಎಂಬುದು ಬೆಳೆಯ ಧಾರಣೆ ತೋರಿಸುವ ಯಾರು ಬೇಕಾದರೂ ಬಳಸಬಹುದಾದ ಮಾತು. ನಾಳೆ ಇನ್ನೊಬ್ಬರು ಅದೇ ಹೆಸರಿಟ್ಟರೆ ನೀವು ತಡೆಯುವುದು ಬಹಳ ಕಷ್ಟ. ವರ್ಷಗಟ್ಟಲೆ ಬಳಸಿ ಜನ ಆ ಪದವನ್ನು ನಿಮ್ಮದೆಂದೇ ಗುರುತಿಸುವಂತಾದರೆ ಕಾಯ್ದೆ ವಿನಾಯಿತಿ ಕೊಡುತ್ತದೆ. ನೌಕರಿ ಡಾಟ್ ಕಾಮ್ ಇದಕ್ಕೆ ಉದಾಹರಣೆ. ನೌಕರಿ ಎಂಬುದು ಸಾಮಾನ್ಯ ಪದವೇ ಆದರೂ, 2002ರಲ್ಲಿ ದೆಹಲಿ ಹೈಕೋರ್ಟ್ ಒಂದು ಎ ಹೆಚ್ಚಿದ್ದ `naukari.com` ಎಂಬ ಹೆಸರಿನ ಬಳಕೆಗೆ ತಡೆ ನೀಡಿತು. ಆದರೆ ಅದಕ್ಕೆ ಹೆಸರು ಅಷ್ಟರಲ್ಲಾಗಲೇ ಜನಮನದಲ್ಲಿ ನೆಲೆಯೂರಿರಬೇಕು. ಹೊಸ ತಂಡ ಅದನ್ನು ನಂಬಿ ಹೊರಡಬಾರದು.

ಗೋಣಿ ಎಂಬುದು ಚೀಲ ಮಾರುವವರ ಬಾಯಲ್ಲಿ ವಿವರಣೆ, ಸಾಫ್ಟ್‌ವೇರ್‌ಗೆ ಅಲ್ಲ. ಹಾಗಾಗಿ ನೋಂದಣಿಗೆ ಅರ್ಹತೆಯಿದೆ. ಸಿಗುತ್ತದೆಯೇ ಎಂಬುದು ಮೊದಲೇ ಬೇರೆ ಯಾರಾದರೂ ಪಡೆದಿದ್ದಾರೆಯೇ ಎಂಬುದರ ಮೇಲೆ ನಿಂತಿದೆ. ಟ್ರೇಡ್ ಮಾರ್ಕ್ ರಿಜಿಸ್ಟ್ರಿಯ ಸಾರ್ವಜನಿಕ ಹುಡುಕಾಟದಲ್ಲಿ 9ನೆಯ ವರ್ಗ ಡೌನ್‌ಲೋಡ್ ಮಾಡಿಕೊಳ್ಳುವ ಸಾಫ್ಟ್‌ವೇರಿನದು, 42ನೆಯದು ಸಾಫ್ಟ್‌ವೇರ್ ಸೇವೆಯದು, 35ನೆಯದು ವ್ಯಾಪಾರ ಮಾಹಿತಿಯದು. ಮೂರರಲ್ಲೂ ಹುಡುಕಿ. `GONI` ಒಂದನ್ನೇ ಹುಡುಕಿ ನಿಲ್ಲಿಸಬೇಡಿ. `GONY`, `GOONI`, `KONI` ಎಂಬವನ್ನೂ, ಉಚ್ಚಾರಣೆ ಆಧರಿಸಿದ ಹುಡುಕಾಟವನ್ನೂ ಮಾಡಿ. ಕಿವಿಗೆ ಒಂದೇ ಎನಿಸುವ ಹೆಸರು ಅದೇ ವರ್ಗದಲ್ಲಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.

ವ್ಯಕ್ತಿಗಳು, ಮಾನ್ಯತೆ ಪಡೆದ ನವೋದ್ಯಮಗಳು, ಸಣ್ಣ ಉದ್ದಿಮೆಗಳು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಹಣ ಕಡಿಮೆಯಿದ್ದರೆ ಮೊದಲು 9ನೆಯ ವರ್ಗ ಸಾಕು. ಅರ್ಜಿಯಲ್ಲಿ ಗುರುತಿನ ಪದವನ್ನು ಮಾತ್ರ ಕೇಳಿ. ‘ಬೆಳೆ ಧಾರಣೆ’ ಸೇರಿಸಿದರೂ ಆ ಭಾಗದ ಮೇಲೆ ನಿಮಗೆ ಹಕ್ಕು ಬರುವುದಿಲ್ಲ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಆಕ್ಷೇಪಕ್ಕೆ ಅವಕಾಶವಿರುತ್ತದೆ. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಬಹುದು.

ಸರ್ಕಾರದ್ದೆಂಬ ಭಾವನೆ ಬರುವ ಹೆಸರು ಯಾವ ಕಾರಣಕ್ಕೂ ಬೇಡ. ಕರ್ನಾಟಕ ಸರ್ಕಾರ, ಪ್ರಧಾನಮಂತ್ರಿ, ಇಲಾಖೆ ಎಂಬ ಸೂಚನೆಯಿರುವ ಹೆಸರುಗಳಿಗೆ 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ ಅಡ್ಡ ಬರುತ್ತದೆ. ಪ್ಲೇ ಸ್ಟೋರ್ ಕೂಡ, ಸರ್ಕಾರಿ ಮಾಹಿತಿ ಕೊಡುವ ಖಾಸಗಿ ಆ್ಯಪ್‌ಗಳು ಮೂಲ ಯಾವುದೆಂದು ತೋರಿಸಬೇಕು, ತಾವು ಸರ್ಕಾರದವರಲ್ಲವೆಂದು ಸ್ಪಷ್ಟವಾಗಿ ಬರೆಯಬೇಕು ಎನ್ನುತ್ತದೆ. ಕೃಷಿ ಮಾರಾಟವಾಹಿನಿಯನ್ನು ಹೋಲುವ ಹೆಸರಿಟ್ಟುಕೊಂಡು ಒಳಗೆ ‘ನಾವು ಸರ್ಕಾರವಲ್ಲ’ ಎಂದು ಬರೆದರೆ ರೈತ ನಂಬುವುದು ಹೆಸರನ್ನೇ.

ಈಗಾಗಲೇ ಹೆಸರಿಟ್ಟಾಗಿದ್ದರೆ

ಆ್ಯಪ್ ಹೊರಬಂದು ಕೆಲವು ಸಾವಿರ ಮಂದಿ ಬಳಸುತ್ತಿದ್ದಾರೆ, ಹೆಸರು ಮಾತ್ರ ಹತ್ತರಲ್ಲಿ ಹನ್ನೊಂದು ಎಂಬಂತಿದೆ ಎಂದರೂ ದಾರಿಯಿದೆ. ಹಳೆಯ ಹೆಸರು ‘ರೈತ ಮಾರುಕಟ್ಟೆ’ ಎಂದಿತ್ತು ಎಂದುಕೊಳ್ಳಿ. ಮೊದಲು ಗುರುತಿನ ಪದವನ್ನು ಅದರ ಮುಂದಿಡಿ: `ಗೋಣಿ: ರೈತ ಮಾರುಕಟ್ಟೆ`. ಐಕಾನ್ ಮತ್ತು ಬಣ್ಣ ಬದಲಿಸಬೇಡಿ. ಹೆಸರಿಗಿಂತ ಐಕಾನ್ ನೋಡಿಯೇ ಆ್ಯಪ್ ತೆರೆಯುವವರು ಅನೇಕರು. ಎರಡೂ ಒಟ್ಟಿಗೆ ಬದಲಾದರೆ ತಮ್ಮ ಆ್ಯಪ್ ಕಳೆದುಹೋಯಿತೆಂದು ಅವರು ಬೇರೊಂದನ್ನು ಹಾಕಿಕೊಳ್ಳುತ್ತಾರೆ. ಮುಖಪುಟದ ಹೆಸರನ್ನು ಒಂದು ಸುಗ್ಗಿ ಕಳೆದ ಮೇಲೆ ಬದಲಿಸಿ, ಸುಗ್ಗಿಯ ನಡುವೆ ಬೇಡ. ಮೆಣಸಿನಕಾಯಿ ಆವಕ ಜೋರಾಗಿರುವ ಜನವರಿಯಿಂದ ಮಾರ್ಚ್‌ವರೆಗೆ ದಿನವೂ ಆ್ಯಪ್ ತೆರೆಯುವವರಿಗೆ ಯಾವ ಬದಲಾವಣೆಯೂ ಕಿರಿಕಿರಿಯೇ. ಬಳಕೆದಾರರು ಹೊಸ ಹೆಸರಿನಿಂದಲೇ ಹುಡುಕುತ್ತಿದ್ದಾರೆ ಎಂಬುದು ಪ್ಲೇ ಕನ್ಸೋಲಿನ ಹುಡುಕಾಟದ ವರದಿಯಲ್ಲಿ ಕಾಣತೊಡಗಿದಾಗ ‘ರೈತ ಮಾರುಕಟ್ಟೆ’ಯನ್ನು ತೆಗೆದು ಆ ಜಾಗದಲ್ಲಿ ‘ಬೆಳೆ ಧಾರಣೆ’ ಹಾಕಿ. ಹಳೆಯ ಹೆಸರು ವಿವರಣೆಯ ಮೊದಲ ಸಾಲಿನಲ್ಲಿ ಇನ್ನೊಂದು ವರ್ಷ ಇರಲಿ.